ಬ್ಯಾಲೆನ್ಸ್ ಶೀಟ್‌ನಲ್ಲಿ 12,000 ತಾಳೆ ಆಗ್ತಿಲ್ಲ, ಯಾರಾದ್ರೂ ನೋಡಿ ಹೇಳಿ

ಹರಿಹರದ ಕಾವ್ಯ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಬಿಕಾಂ ಮೊದಲ ವರ್ಷ ಓದುತ್ತಿದ್ದೇನೆ. ಅಂತಿಮ ಲೆಕ್ಕದ ಒಂದು ಪ್ರಾಬ್ಲಂ ನಿನ್ನೆಯಿಂದ ಮಾಡ್ತಾ ಇದ್ದೀನಿ, ತಾಳೆ ಆಗ್ತಾನೇ ಇಲ್ಲ. ನಮ್ಮ ಸರ್ ಊರಿನ ಲೆಕ್ಕವೇ ಇರಲಿ ಅಂತ ಮಂಡಕ್ಕಿ ಭಟ್ಟಿ ನಡೆಸುವವರ ಹೆಸರಲ್ಲಿ ಕೊಟ್ಟಿದ್ದಾರೆ. 2025ರ ಮಾರ್ಚ್ 31ಕ್ಕೆ ಮುಗಿದ ವರ್ಷ. ಟ್ರಯಲ್ ಬ್ಯಾಲೆನ್ಸ್ ಹೀಗಿದೆ.

ಡೆಬಿಟ್ ಕಡೆ:
ಆರಂಭದ ಸ್ಟಾಕ್ 60,000
ಖರೀದಿ 6,20,000
ಕೂಲಿ 66,000
ಬಾಡಿಗೆ 55,000
ವಿಮೆ 12,000
ಸಂಬಳ 84,000
8% ಬ್ಯಾಂಕ್ ಎಫ್‌ಡಿ, 1 ಜುಲೈ 2024ರಂದು ಇಟ್ಟದ್ದು 1,00,000
ಯಂತ್ರ, ಸಾಮಾನು 1,50,000
ಗಿರಾಕಿಗಳಿಂದ ಬರಬೇಕಾದ್ದು 80,000
ನಗದು, ಬ್ಯಾಂಕ್ 38,000

ಕ್ರೆಡಿಟ್ ಕಡೆ:
ಮಾರಾಟ 9,40,000
ಎಫ್‌ಡಿ ಬಡ್ಡಿ ಬಂದದ್ದು 4,000
ಸಾಲಿಗರು 70,000
ಬಂಡವಾಳ 2,51,000

ಎರಡೂ ಕಡೆ 12,65,000. ಇಲ್ಲಿವರೆಗೆ ಸರಿ ಇದೆ.

ಕೆಳಗೆ ಕೊಟ್ಟಿರೋ ಹೊಂದಾಣಿಕೆಗಳು: ಕೊನೆಯ ಸ್ಟಾಕ್ 75,000. ಮಾರ್ಚ್ ತಿಂಗಳ ಕೂಲಿ 6,000 ಇನ್ನೂ ಕೊಟ್ಟಿಲ್ಲ. ಒಂದು ತಿಂಗಳ ಬಾಡಿಗೆ 5,000 ಬಾಕಿ. ವಿಮೆ 1 ಅಕ್ಟೋಬರ್ 2024ರಿಂದ ಒಂದು ವರ್ಷಕ್ಕೆ ಕಟ್ಟಿದ್ದು. ಸವಕಳಿ ಕೇಳಿಲ್ಲ.

ನನಗೆ ಬ್ಯಾಲೆನ್ಸ್ ಶೀಟ್‌ನಲ್ಲಿ ಜವಾಬ್ದಾರಿ ಕಡೆ 4,55,000, ಆಸ್ತಿ ಕಡೆ 4,43,000 ಬರ್ತಿದೆ. 12,000 ವ್ಯತ್ಯಾಸ. ಕೂಡಿದ್ದನ್ನೇ ಮತ್ತೆ ಮತ್ತೆ ಕೂಡಿ ನೋಡಿದೆ. ಎಲ್ಲಿ ಹುಡುಕಬೇಕು ಅಂತಾನೇ ಗೊತ್ತಾಗ್ತಿಲ್ಲ.

ಪಿಜೆ ಬಡಾವಣೆ ಗಿರಿ

ಕಾವ್ಯ, ತಾಳೆ ಆಗದಿದ್ದರೆ ಮೊದಲು ವ್ಯತ್ಯಾಸವನ್ನು ಎರಡರಿಂದ ಭಾಗಿಸಿ. 12,000ದ ಅರ್ಧ 6,000. ನಿಮ್ಮ ಪ್ರಾಬ್ಲಂನಲ್ಲಿ 6,000 ಅಂತ ಇರೋದು ಬಾಕಿ ಕೂಲಿ. ಅದನ್ನು ತಪ್ಪು ಕಡೆ ಬರೆದಿದ್ದೀರಿ, ಅಷ್ಟೇ. ಆ ಕಡೆಯಿಂದ ಈ ಕಡೆಗೆ ಹಾಕಿ, ಸರಿ ಹೋಗುತ್ತೆ.

ಹರಿಹರದ ಕಾವ್ಯ

ಗಿರಿ ಅಣ್ಣ, ಬಾಕಿ ಕೂಲಿಯನ್ನು ಜವಾಬ್ದಾರಿ ಕಡೆಯೇ ಬರೆದಿದ್ದೀನಿ. ಅದನ್ನು ಆಸ್ತಿ ಕಡೆ ಹಾಕಿದರೆ ಒಟ್ಟು ತಾಳೆ ಆಗುತ್ತೆ, ನೋಡಿದೆ, ಎರಡೂ ಕಡೆ 4,49,000 ಬಂತು. ಆದರೆ ಕೊಡಬೇಕಾದ ಕೂಲಿ ಆಸ್ತಿ ಹೇಗೆ ಆಗುತ್ತೆ? ಮನಸ್ಸು ಒಪ್ಪುತ್ತಿಲ್ಲ.

ಕೋಟೆ ಊರಿನ ಮೇಡಂ

ಒಪ್ಪದೇ ಇರೋದೇ ಸರಿ ಕಣಮ್ಮ. ಅದನ್ನು ಅಲ್ಲೇ ಬಿಡು. ನಾನು ಚಿತ್ರದುರ್ಗದಲ್ಲಿ ಪಿಯುಸಿ ಮಕ್ಕಳಿಗೆ ಬಹಳ ವರ್ಷ ಲೆಕ್ಕಶಾಸ್ತ್ರ ಹೇಳಿದವಳು. ಈ 12,000 ಎಲ್ಲಿಂದ ಬಂತು ಅಂತ ಹೇಳೋಕೆ ನಿನ್ನ ಪುಸ್ತಕ ನೋಡಬೇಕಿಲ್ಲ. ಎರಡು ವಿಷಯ ತಿಳಿಸು ಸಾಕು. ನಿನಗೆ ಬಂದ ನಿವ್ವಳ ಲಾಭ ಎಷ್ಟು? ಮುಂಗಡ ಕಟ್ಟಿದ ವಿಮೆಯನ್ನು ಯಾವ ಕಡೆ ಬರೆದೆ?

ಗಿರಿ ಅವರು ಹೇಳಿದ ಅರ್ಧ ಮಾಡೋ ಉಪಾಯ ಒಳ್ಳೆಯದೇ. ಆದರೆ ಮೊತ್ತ ಒಂದನ್ನೇ ನೋಡಿದರೆ ಸಾಲದು, ಯಾವ ಕಡೆ ಜಾಸ್ತಿ ಆಗಿದೆ ಅಂತಾನೂ ನೋಡಬೇಕು. ಇಲ್ಲಿ ಜವಾಬ್ದಾರಿ ಕಡೆ ಜಾಸ್ತಿ. ಅಂದರೆ ಆಸ್ತಿ ಕಡೆ ಕೂರಬೇಕಾದ್ದು ಯಾವುದೋ ಜವಾಬ್ದಾರಿ ಕಡೆ ಹೋಗಿ ಕೂತಿದೆ. ಬಾಕಿ ಕೂಲಿ ತಪ್ಪು ಕಡೆ ಹೋಗಿದ್ದಿದ್ದರೆ ಆಸ್ತಿ ಕಡೆ ಜಾಸ್ತಿ ಆಗಬೇಕಿತ್ತು. ಈ ಪ್ರಾಬ್ಲಂನಲ್ಲಿ 6,000 ಅನ್ನೋದು ಎರಡು ಸಲ ಬರುತ್ತೆ. ಒಂದು ಬಾಕಿ ಕೂಲಿ. ಇನ್ನೊಂದು ವಿಮೆಯಲ್ಲಿ ಉಳಿದದ್ದು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಆರು ತಿಂಗಳು ಮುಗಿದಿದೆ, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಆರು ತಿಂಗಳು ಬಾಕಿ ಇದೆ, 12,000ದಲ್ಲಿ ಅರ್ಧ 6,000. ನನಗೆ ಅನುಮಾನ ಅದರ ಮೇಲೆ.

ಹರಿಹರದ ಕಾವ್ಯ

ಮೇಡಂ, ನಿವ್ವಳ ಲಾಭ 1,17,000 ಬಂದಿದೆ. ಮುಂಗಡ ವಿಮೆ 6,000ವನ್ನು ಜವಾಬ್ದಾರಿ ಕಡೆ, ಬಾಕಿ ಬಾಡಿಗೆಯ ಕೆಳಗೇ ಬರೆದಿದ್ದೀನಿ. "ಇನ್ನೂ ಆರು ತಿಂಗಳು ಬಾಕಿ ಇದೆ" ಅಂತ ಬರೆದುಕೊಂಡಿದ್ದೆ, ಬಾಕಿ ಅಂದಮೇಲೆ ಜವಾಬ್ದಾರಿ ಅಂತ ಅಲ್ಲಿ ಹಾಕಿದೆ.

ಕೋಟೆ ಊರಿನ ಮೇಡಂ

ಅದೇ ನೋಡು. ಬಾಕಿ ಅನ್ನೋದು ಯಾರ ಕಡೆಯಿಂದ ಅಂತ ಕೇಳಿಕೋ. ಭಟ್ಟಿಯವರು ದುಡ್ಡು ಕಟ್ಟಿ ಆಯ್ತು. ಮುಂದಿನ ಆರು ತಿಂಗಳು ಬೆಂಕಿ ಬಿದ್ದರೆ ಪರಿಹಾರ ಕೊಡಬೇಕಾದ ಹೊಣೆ ವಿಮೆ ಕಂಪನಿಯದು. ಇವರಿಗೆ ಬರಬೇಕಾದ್ದು ಇದೆ, ಕೊಡಬೇಕಾದ್ದು ಇಲ್ಲ. ಅದಕ್ಕೇ ಆಸ್ತಿ. ಕೂಲಿಯಲ್ಲಿ ಉಲ್ಟಾ. ಮಾರ್ಚ್‌ನಲ್ಲಿ ಆಳುಗಳು ಬಿಸಿ ಮರಳಿನ ಮುಂದೆ ನಿಂತು ಅಕ್ಕಿ ಹುರಿದು ಕೊಟ್ಟಿದ್ದಾರೆ, ಆ ಮಂಡಕ್ಕಿ ಮಾರಿ ದುಡ್ಡೂ ಬಂದಿದೆ, ಕೂಲಿ ಮಾತ್ರ ಕೈಗೆ ಹೋಗಿಲ್ಲ. ಅದು ಕೊಡಬೇಕಾದ್ದು.

ಈಗ ಆ ಲಾಭದ ಅಂಕಿ ಯಾಕೆ ಕೇಳಿದೆ ಅಂತ ಹೇಳ್ತೀನಿ, ಇದನ್ನು ಯಾರೂ ಸಾಮಾನ್ಯವಾಗಿ ಹೇಳಿಕೊಡೋದಿಲ್ಲ. ಇದೇ 12,000 ವ್ಯತ್ಯಾಸ, ಇದೇ ಕಡೆ ಜಾಸ್ತಿ, ಇನ್ನೊಂದು ತಪ್ಪಿನಿಂದಲೂ ಬರಬಹುದಿತ್ತು. ವಿಮೆಯನ್ನು ಲಾಭ ನಷ್ಟ ಖಾತೆಗೆ ಬರೆಯೋದನ್ನೇ ಪೂರ್ತಿ ಮರೆತು, ಮುಂಗಡದ್ದನ್ನೂ ಎಲ್ಲೂ ಬರೆಯದಿದ್ದರೆ ಈ ವರ್ಷದ 6,000 ಖರ್ಚು ಬಿಟ್ಟುಹೋಗಿ ಲಾಭ ಅಷ್ಟು ಜಾಸ್ತಿ ಆಗುತ್ತೆ, ಅದು ಬಂಡವಾಳಕ್ಕೆ ಸೇರಿ ಜವಾಬ್ದಾರಿ ಕಡೆ ಉಬ್ಬುತ್ತೆ, ಆಸ್ತಿ ಕಡೆ ಮುಂಗಡದ 6,000 ಕಡಿಮೆ ಬೀಳುತ್ತೆ. ಆಗ ನಿನ್ನ ಲಾಭ 1,23,000 ಬರಬೇಕಿತ್ತು. ನೀನು 1,17,000 ಅಂದೆ. ಅಂದರೆ ವಿಮೆ 6,000 ಖರ್ಚು ಸರಿಯಾಗಿ ಬಿದ್ದಿದೆ, ತಪ್ಪು ಇರೋದು ಬ್ಯಾಲೆನ್ಸ್ ಶೀಟ್‌ನಲ್ಲಿ ಮಾತ್ರ.

ಎಡದಿಂದ ತೆಗೆದು ಬಲಕ್ಕೆ ಹಾಕಿ ನೋಡು.

ಹರಿಹರದ ಕಾವ್ಯ

ತಾಳೆ ಆಯ್ತು ಮೇಡಂ! ಎರಡೂ ಕಡೆ 4,49,000. ತುಂಬಾ ಥ್ಯಾಂಕ್ಸ್.

ಆದರೆ ಈಗ ಇನ್ನೊಂದು ತಲೆನೋವು. ಸರ್ ಬೋರ್ಡ್ ಮೇಲೆ ಉತ್ತರ ಮಾತ್ರ ಬರೆದಿದ್ದರು, ನಿವ್ವಳ ಲಾಭ 1,19,000, ಬ್ಯಾಲೆನ್ಸ್ ಶೀಟ್ 4,51,000. ನನ್ನದು ತಾಳೆ ಆಗಿದೆಯಲ್ವಾ, ಹಾಗಿದ್ರೆ ಸರ್ ಉತ್ತರವೇ ತಪ್ಪಿರಬಹುದಾ?

ಪಿಜೆ ಬಡಾವಣೆ ಗಿರಿ

ತಾಳೆ ಆಗಿದೆ ಅಂದರೆ ನಿಮ್ಮದು ಸರಿ. ಬೋರ್ಡ್ ಮೇಲೆ ಬರೆಯುವಾಗ ಅಂಕಿ ತಪ್ಪೋದು ಇದ್ದದ್ದೇ.

ಟ್ಯಾಲಿ ಶಫಿ

ಗಿರಿ ಸರ್, ದಯವಿಟ್ಟು ಹಾಗೆ ಹೇಳಬೇಡಿ. ನಾನು ಮಂಡಿಪೇಟೆಯಲ್ಲಿ ನಾಲ್ಕೈದು ಅಂಗಡಿಗಳ ಲೆಕ್ಕ ನೋಡ್ತೀನಿ. ಟ್ಯಾಲಿಯಲ್ಲಿ ಬ್ಯಾಲೆನ್ಸ್ ಶೀಟ್ ಯಾವಾಗಲೂ ತಾಳೆ ಆಗಿಯೇ ಇರುತ್ತೆ, ಸಾಫ್ಟ್‌ವೇರ್ ಒಂದೇ ಕಡೆ ಬರೆಯೋಕೆ ಬಿಡೋದೇ ಇಲ್ಲ. ಹಾಗಂತ ಲೆಕ್ಕ ಸರಿ ಇರುತ್ತಾ? ಅರ್ಧ ತಪ್ಪು ಮಾಡಿದರೆ ಮಾತ್ರ ತಾಳೆ ತಪ್ಪುತ್ತೆ. ಒಂದು ಹೊಂದಾಣಿಕೆಯನ್ನು ಎರಡೂ ಕಡೆ ಪೂರ್ತಿ ಬಿಟ್ಟರೆ ಯಾವ ವ್ಯತ್ಯಾಸವೂ ಕಾಣೋದಿಲ್ಲ.

ಕಾವ್ಯ ಅವರೇ, ನಿಮ್ಮ ಲಾಭಕ್ಕೂ ಸರ್ ಉತ್ತರಕ್ಕೂ 2,000 ವ್ಯತ್ಯಾಸ. ಬ್ಯಾಲೆನ್ಸ್ ಶೀಟ್ ಒಟ್ಟಿನಲ್ಲೂ ಅದೇ 2,000. ಲಾಭವೂ ಆಸ್ತಿಯೂ ಒಂದೇ ಮೊತ್ತ ಕಡಿಮೆ ಇದೆ ಅಂದರೆ ಯಾವುದೋ ಆದಾಯ ಬಿಟ್ಟುಹೋಗಿದೆ. ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಎಫ್‌ಡಿ ಪಕ್ಕ ತಾರೀಖು ಮತ್ತು ಬಡ್ಡಿ ದರ ಬರೆದಿದ್ದಾರಲ್ಲ, ಅದನ್ನು ಸುಮ್ನೆ ಬರೆದಿಲ್ಲ.

ಹರಿಹರದ ಕಾವ್ಯ

ಆದರೆ ಹೊಂದಾಣಿಕೆಗಳ ಪಟ್ಟಿಯಲ್ಲಿ ಬಡ್ಡಿ ಬಗ್ಗೆ ಒಂದು ಮಾತೂ ಇಲ್ಲವಲ್ಲ ಅಣ್ಣ?

ಟ್ಯಾಲಿ ಶಫಿ

ಇರೋದಿಲ್ಲ. ಅದೇ ಅಲ್ಲಿನ ಪರೀಕ್ಷೆ. ಕೆಲಸದಲ್ಲೂ ಅಷ್ಟೇ, "ಬಡ್ಡಿ ಬರಬೇಕು, ಬರ್ಕೋ" ಅಂತ ಯಾರೂ ಬಂದು ಹೇಳೋದಿಲ್ಲ. ಎಫ್‌ಡಿ ರಸೀದಿ ತೆಗೆದು ನೋಡಿ ನಾವೇ ಕಂಡುಹಿಡಿಯಬೇಕು.

ಪಿಜೆ ಬಡಾವಣೆ ಗಿರಿ

ಸರಿ, ಹಾಗಾದರೆ ಒಂದು ಲಕ್ಷಕ್ಕೆ 8% ಅಂದರೆ 8,000. ಬಂದಿರೋದು 4,000. ಇನ್ನೂ 4,000 ಬರಬೇಕು. ಆದರೆ ವ್ಯತ್ಯಾಸ 2,000 ತಾನೇ ಇರೋದು? ಇದು ಕೂಡೋದಿಲ್ಲ.

ಕೋಟೆ ಊರಿನ ಮೇಡಂ

ಗಿರಿ ಅವರೇ, ತಾರೀಖು ನೋಡಿ. ಎಫ್‌ಡಿ ಇಟ್ಟದ್ದು ಜುಲೈ 1ಕ್ಕೆ. ಏಪ್ರಿಲ್, ಮೇ, ಜೂನ್ ತಿಂಗಳಲ್ಲಿ ಆ ದುಡ್ಡು ಬ್ಯಾಂಕಿನಲ್ಲಿ ಇರಲೇ ಇಲ್ಲ, ಅದಕ್ಕೆ ಬಡ್ಡಿ ಎಲ್ಲಿಂದ? ಜುಲೈನಿಂದ ಮಾರ್ಚ್‌ವರೆಗೆ ಒಂಬತ್ತು ತಿಂಗಳು. ವರ್ಷಕ್ಕೆ 8,000 ಅಂದರೆ ಒಂಬತ್ತು ತಿಂಗಳಿಗೆ 6,000. ಬಂದದ್ದು 4,000, ಅಂದರೆ ಡಿಸೆಂಬರ್‌ವರೆಗಿನ ಎರಡು ತ್ರೈಮಾಸಿಕದ್ದು. ಜನವರಿಯಿಂದ ಮಾರ್ಚ್‌ವರೆಗಿನ 2,000 ದುಡಿದಾಗಿದೆ, ಕೈಗೆ ಬಂದಿಲ್ಲ. ಲಾಭ ನಷ್ಟ ಖಾತೆಯಲ್ಲಿ ಬಡ್ಡಿ 4,000 ಇದ್ದದ್ದು 6,000 ಆಗುತ್ತೆ. ಆಸ್ತಿ ಕಡೆ ಎಫ್‌ಡಿ ಕೆಳಗೆ ಬರಬೇಕಾದ ಬಡ್ಡಿ 2,000. ಕಾವ್ಯ, ಈಗ 1,19,000 ಮತ್ತು 4,51,000 ಬರಲೇಬೇಕು.

ಎಲ್ಲ ಒಟ್ಟಿಗೆ ಒಂದು ಸಲ ಮಾಡಿ ಇಲ್ಲಿ ಹಾಕಮ್ಮ, ಬೇರೆಯವರಿಗೂ ಅನುಕೂಲ.

ಹರಿಹರದ ಕಾವ್ಯ

ಬಂತು ಮೇಡಂ. ಮಾಡಿದ್ದನ್ನು ಹಾಕ್ತಿದ್ದೀನಿ.

ವ್ಯಾಪಾರ ಖಾತೆಯಲ್ಲಿ ಆರಂಭದ ಸ್ಟಾಕ್ 60,000, ಖರೀದಿ 6,20,000, ಕೂಲಿ 66,000ಕ್ಕೆ ಬಾಕಿ 6,000 ಸೇರಿಸಿ 72,000. ಒಟ್ಟು 7,52,000. ಆ ಕಡೆ ಮಾರಾಟ 9,40,000, ಕೊನೆಯ ಸ್ಟಾಕ್ 75,000, ಒಟ್ಟು 10,15,000. ಒಟ್ಟು ಲಾಭ 2,63,000.

ಲಾಭ ನಷ್ಟ ಖಾತೆಯಲ್ಲಿ ಬಾಡಿಗೆ 55,000ಕ್ಕೆ 5,000 ಸೇರಿ 60,000, ವಿಮೆ 12,000ದಲ್ಲಿ 6,000 ಕಳೆದು 6,000, ಸಂಬಳ 84,000. ಖರ್ಚು 1,50,000. ಒಟ್ಟು ಲಾಭ 2,63,000 ಮತ್ತು ಬಡ್ಡಿ 6,000 ಸೇರಿ 2,69,000. ನಿವ್ವಳ ಲಾಭ 1,19,000.

ಬ್ಯಾಲೆನ್ಸ್ ಶೀಟ್ ಎಡಗಡೆ ಬಂಡವಾಳ ಲಾಭ ಸೇರಿ 3,70,000, ಸಾಲಿಗರು 70,000, ಬಾಕಿ ಕೂಲಿ 6,000, ಬಾಕಿ ಬಾಡಿಗೆ 5,000. ಬಲಗಡೆ ಯಂತ್ರ 1,50,000, ಎಫ್‌ಡಿ 1,00,000, ಬರಬೇಕಾದ ಬಡ್ಡಿ 2,000, ಗಿರಾಕಿಗಳು 80,000, ಸ್ಟಾಕ್ 75,000, ಮುಂಗಡ ವಿಮೆ 6,000, ನಗದು 38,000. ಎರಡೂ 4,51,000.

ಒಂದು ಡೌಟು. ಕೂಲಿಯನ್ನು ವ್ಯಾಪಾರ ಖಾತೆಗೂ ಸಂಬಳವನ್ನು ಲಾಭ ನಷ್ಟ ಖಾತೆಗೂ ಹಾಕಿದ್ದೀನಿ. ಬಾಕಿ ಕೂಲಿಯನ್ನು ಮಾತ್ರ ಲಾಭ ನಷ್ಟ ಖಾತೆಗೆ ಹಾಕಿದ್ದರೆ ಏನಾಗ್ತಿತ್ತು? ನನ್ನ ಫ್ರೆಂಡ್ ಹಾಗೆ ಮಾಡಿದ್ದಾಳೆ, ಅವಳಿಗೂ 1,19,000 ಬಂದಿದೆ.

ಕೋಟೆ ಊರಿನ ಮೇಡಂ

ನಿವ್ವಳ ಲಾಭ ಬರುತ್ತೆ, ಒಟ್ಟು ಲಾಭ ತಪ್ಪುತ್ತೆ. ಅವಳಿಗೆ 2,69,000 ಬಂದಿರುತ್ತೆ, ಕೇಳಿ ನೋಡು. ಪರೀಕ್ಷೆಯಲ್ಲಿ ಅಂಕ ಹೋಗುತ್ತೆ ಅನ್ನೋದು ಬಿಡು, ಭಟ್ಟಿ ನಡೆಸೋರಿಗೆ ಒಂದು ಚೀಲ ಮಂಡಕ್ಕಿ ತಯಾರಾಗಿ ಹೊರಬೀಳೋಕೆ ಎಷ್ಟು ಬಿತ್ತು ಅನ್ನೋದು ಒಟ್ಟು ಲಾಭದಿಂದಲೇ ಗೊತ್ತಾಗೋದು. ಒಂದು ತಿಂಗಳ ಕೂಲಿ ಅಲ್ಲಿಂದ ಹೊರಗೆ ಹೋದರೆ ಮಂಡಕ್ಕಿ ಅಗ್ಗದಲ್ಲಿ ತಯಾರಾಯ್ತು ಅಂತ ಕಾಣುತ್ತೆ. ಖರ್ಚು ಮೂಲತಃ ಯಾವ ಖಾತೆಗೆ ಸೇರಿದ್ದೋ ಅದರ ಬಾಕಿಯೂ ಅದೇ ಖಾತೆಗೆ.

ಭಟ್ಟಿ ಬಸಣ್ಣ

ನಮಸ್ಕಾರ. ನಮ್ಮದೇ ಮಂಡಕ್ಕಿ ಭಟ್ಟಿ ಇದೆ, ಅದಕ್ಕೇ ಈ ಚರ್ಚೆ ಪೂರ್ತಿ ಓದಿದೆ. ನನ್ನದೊಂದು ಪ್ರಶ್ನೆ. ನಾನು ಗೋಡೌನ್ ಮಾಲೀಕರಿಗೆ 50,000 ಅಡ್ವಾನ್ಸ್ ಕೊಟ್ಟಿದ್ದೀನಿ. ಮುಂಗಡವಾಗಿ ಕೊಟ್ಟಿದ್ದೇ ತಾನೇ, ಹಾಗಾದರೆ ಇದೂ ವಿಮೆ ಥರ ವರ್ಷ ವರ್ಷ ಸ್ವಲ್ಪ ಸ್ವಲ್ಪ ಖರ್ಚಿಗೆ ಹಾಕಬೇಕಾ? ನಮ್ಮ ಲೆಕ್ಕದ ಹುಡುಗ ವರ್ಷಕ್ಕೆ 5,000 ಹಾಗೆ ಹಾಕ್ತಾ ಬಂದಿದ್ದಾನೆ.

ಟ್ಯಾಲಿ ಶಫಿ

ಬಸಣ್ಣ, ಅದು ಬೇರೆ. ನೀವು ಖಾಲಿ ಮಾಡಿದ ದಿನ ಮಾಲೀಕರು ಆ 50,000 ವಾಪಸ್ ಕೊಡ್ತಾರಾ ಇಲ್ವಾ?

ಭಟ್ಟಿ ಬಸಣ್ಣ

ಕೊಡ್ತಾರೆ. ಸುಣ್ಣ ಬಣ್ಣದ್ದು ಹಿಡ್ಕೊಂಡು ಕೊಡ್ತಾರೆ.

ಟ್ಯಾಲಿ ಶಫಿ

ಹಾಗಾದರೆ ಅದು ಡೆಪಾಸಿಟ್. ನಿಮ್ಮ ದುಡ್ಡು ಅವರ ಹತ್ತಿರ ಇಟ್ಟಿದ್ದೀರಿ, ಅಷ್ಟೇ. ವಿಮೆ ದುಡ್ಡು ದಿನ ಕಳೆದ ಹಾಗೆ ಕರಗುತ್ತೆ, ಈ 50,000 ಕರಗೋದಿಲ್ಲ, ಹತ್ತು ವರ್ಷ ಆದರೂ 50,000ವೇ. ಪ್ರತಿ ವರ್ಷ ಆಸ್ತಿ ಕಡೆ ಹಾಗೇ ಇರಬೇಕು. ಸುಣ್ಣ ಬಣ್ಣಕ್ಕೆ ಹಿಡಿದಷ್ಟು ಮಾತ್ರ ಆ ವರ್ಷದ ಖರ್ಚು. ನಿಮ್ಮ ಹುಡುಗ ವರ್ಷಕ್ಕೆ 5,000 ತೆಗೀತಾ ಬಂದಿದ್ದರೆ ಅಷ್ಟೂ ವರ್ಷ ಲಾಭ 5,000 ಕಡಿಮೆ ತೋರಿಸಿದ್ದೀರಿ. ಸರಿ ಮಾಡೋ ಮುಂಚೆ ನಿಮ್ಮ ಆಡಿಟರ್ ಹತ್ತಿರ ಮಾತಾಡಿ, ಹಳೇ ರಿಟರ್ನ್‌ಗಳಲ್ಲೂ ಅದು ಹೋಗಿರುತ್ತೆ.

ಇನ್ನೊಂದು. ಕೆಲವರು ಖಾಲಿ ಮಾಡುವಾಗ ಕೊನೆಯ ಎರಡು ಮೂರು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲೇ ಹಿಡ್ಕೊಳ್ಳಿ ಅಂತಾರೆ. ಆಗ ಆ ತಿಂಗಳುಗಳ ಬಾಡಿಗೆ ಖರ್ಚಿಗೆ ಬರುತ್ತೆ, ಡೆಪಾಸಿಟ್ ಅಷ್ಟು ಕಡಿಮೆ ಆಗುತ್ತೆ. ನಗದು ಹೋಗಿಲ್ಲ ಅಂತ ಆ ಬಾಡಿಗೆ ಬರೆಯೋದನ್ನೇ ಬಿಡ್ತಾರೆ ಜನ.

ಚಳ್ಳಕೆರೆ ಹುಡುಗ

ಮೇಡಂ, ಒಂದು ಸಣ್ಣ ಪ್ರಶ್ನೆ. ನಮ್ಮ ಪುಸ್ತಕದಲ್ಲಿ ಒಂದು ಎಣ್ಣೆ ಗಿರಣಿ ಲೆಕ್ಕ ಇದೆ. ಅದರಲ್ಲಿ ಬಾಕಿ ಬಾಡಿಗೆ 5,000 ಅನ್ನೋದು ಟ್ರಯಲ್ ಬ್ಯಾಲೆನ್ಸ್ ಒಳಗೇ ಕ್ರೆಡಿಟ್ ಕಡೆ ಇದೆ. ನಾನು ಬಾಡಿಗೆಗೆ 5,000 ಸೇರಿಸಿ, ಬ್ಯಾಲೆನ್ಸ್ ಶೀಟ್‌ನಲ್ಲೂ ಬರೆದೆ. 5,000 ವ್ಯತ್ಯಾಸ ಬರ್ತಿದೆ.

ಕೋಟೆ ಊರಿನ ಮೇಡಂ

ಟ್ರಯಲ್ ಬ್ಯಾಲೆನ್ಸ್ ಒಳಗೆ ಬಂದಿದೆ ಅಂದರೆ ಆ ವ್ಯಾಪಾರಿಯ ಗುಮಾಸ್ತ ಜರ್ನಲ್ ಬರೆದು ಮುಗಿಸಿದ್ದಾನೆ ಅಂತ ಅರ್ಥ ಕಣಪ್ಪ. ಅಲ್ಲಿರೋ ಬಾಡಿಗೆ ಮೊತ್ತದಲ್ಲಿ ಆ 5,000 ಆಗಲೇ ಸೇರಿದೆ. ನೀನು ಮತ್ತೆ ಸೇರಿಸಿದ್ದರಿಂದ ಖರ್ಚು ಎರಡು ಸಲ ಆಯ್ತು. ಅದನ್ನು ಬ್ಯಾಲೆನ್ಸ್ ಶೀಟ್‌ಗೆ ಮಾತ್ರ ತಗೊಂಡು ಹೋಗು. ಕಾವ್ಯಳ ಲೆಕ್ಕದಲ್ಲಿ ಅದು ಟ್ರಯಲ್ ಬ್ಯಾಲೆನ್ಸ್ ಹೊರಗೆ ಇತ್ತು, ಅದಕ್ಕೆ ಎರಡು ಕಡೆ ಬರೆಯಬೇಕಾಯ್ತು. ಮುಂಗಡಕ್ಕೂ ಬರಬೇಕಾದ ಬಡ್ಡಿಗೂ ಇದೇ ಮಾತು.

ಟ್ಯಾಲಿ ಶಫಿ

ಕಾವ್ಯ ಅವರೇ, ನಿಮ್ಮ ಪ್ರಾಬ್ಲಂ ಮಾರ್ಚ್ 31ಕ್ಕೆ ಮುಗಿಯುತ್ತೆ, ನಮ್ಮದು ಏಪ್ರಿಲ್ 1ಕ್ಕೆ ಶುರುವಾಗುತ್ತೆ. ಅದನ್ನೂ ಹೇಳಿಬಿಡ್ತೀನಿ, ಕೆಲಸಕ್ಕೆ ಸೇರಿದಾಗ ಬೇಕಾಗುತ್ತೆ.

ನಿಮ್ಮ ಭಟ್ಟಿಯವರು ಏಪ್ರಿಲ್‌ನಲ್ಲಿ ಮಾಲೀಕರಿಗೆ 10,000 ಕೊಡ್ತಾರೆ ಅಂದುಕೊಳ್ಳಿ, ಮಾರ್ಚ್‌ದು 5,000 ಮತ್ತು ಏಪ್ರಿಲ್‌ದು 5,000. ಅಂಗಡಿ ಹುಡುಗ ಹಿಂದೆ ಮುಂದೆ ನೋಡದೆ ಪೂರ್ತಿ 10,000ವನ್ನು ಬಾಡಿಗೆ ಖಾತೆಗೆ ಬರೀತಾನೆ. ಆಮೇಲೆ ತಿಂಗಳು ತಿಂಗಳು ಸರಿಯಾಗಿ ಕೊಟ್ಟರೂ ಮುಂದಿನ ವರ್ಷದ ಬಾಡಿಗೆ 65,000 ಆಗುತ್ತೆ. ಇತ್ತ ಹಳೇ ಬಾಕಿ ಬಾಡಿಗೆ 5,000 ಜವಾಬ್ದಾರಿ ಕಡೆ ಹಾಗೇ ಕೂತಿರುತ್ತೆ, ಯಾರಿಗೂ ಕೊಡಬೇಕಾಗಿಲ್ಲದ ಬಾಕಿ. ಹೊಸ ಅಂಗಡಿಯ ಲೆಕ್ಕ ಕೈಗೆ ಬಂದಾಗ ನಾನು ಮೊದಲು ನೋಡೋದು ಇದನ್ನೇ. ಹಿಂದಿನ ವರ್ಷದ ಬಾಕಿ ಮೊತ್ತ ಒಂದು ರೂಪಾಯಿ ಬದಲಾಗದೆ ಈ ವರ್ಷವೂ ಇದ್ದರೆ ಅದನ್ನು ಯಾರೂ ಮುಟ್ಟಿಲ್ಲ ಅಂತಲೇ ಲೆಕ್ಕ.

ಅದಕ್ಕೆ ಏಪ್ರಿಲ್ 1ಕ್ಕೇ ಟ್ಯಾಲಿಯಲ್ಲಿ F7 ಒತ್ತಿ ಒಂದು ಜರ್ನಲ್ ಬರೆದುಬಿಡ್ತೀನಿ. ಬಾಕಿ ಬಾಡಿಗೆ ಡೆಬಿಟ್ 5,000, ಬಾಡಿಗೆ ಕ್ರೆಡಿಟ್ 5,000. ಆಮೇಲೆ ಹುಡುಗ 10,000ವನ್ನು ಬಾಡಿಗೆಗೇ ಬರೆದರೂ ಪರವಾಗಿಲ್ಲ, ಉಳಿಯೋದು 5,000, ಏಪ್ರಿಲ್‌ದು ಮಾತ್ರ. ವಿಮೆಗೂ ಹೀಗೇ. ಮುಂಗಡ ವಿಮೆ 6,000ವನ್ನು ಏಪ್ರಿಲ್ 1ಕ್ಕೆ ವಿಮೆ ಖರ್ಚಿಗೆ ತಿರುಗಿಸಬೇಕು. ಅಕ್ಟೋಬರ್‌ನಲ್ಲಿ ಪಾಲಿಸಿ ನವೀಕರಿಸುವಾಗ 13,200 ಕಟ್ಟಿದರು ಅಂತ ಇಟ್ಟುಕೊಳ್ಳಿ. ಅದರಲ್ಲಿ ಮಾರ್ಚ್‌ವರೆಗಿನ ಅರ್ಧ 6,600. ಆ ವರ್ಷದ ವಿಮೆ ಖರ್ಚು 12,600 ಆಗಬೇಕು. 13,200 ಅಂತಲೂ ಅಲ್ಲ, 6,600 ಅಂತಲೂ ಅಲ್ಲ.

ಹರಿಹರದ ಕಾವ್ಯ

ಬಡ್ಡಿಗೆ ಏನು ಮಾಡ್ತೀರಿ ಅಣ್ಣ? ಏಪ್ರಿಲ್‌ನಲ್ಲಿ ಬ್ಯಾಂಕಿನಿಂದ 2,000 ಬಂದಾಗ?

ಟ್ಯಾಲಿ ಶಫಿ

ಬರಬೇಕಾದ ಬಡ್ಡಿ ಖಾತೆಗೆ ಕ್ರೆಡಿಟ್. ಆದಾಯಕ್ಕೆ ಮತ್ತೆ ಹಾಕಬಾರದು, ಅದು ಹಿಂದಿನ ವರ್ಷವೇ ಎಣಿಸಿದ್ದಾಯ್ತು. ಆದರೆ ಒಂದು ಮಾತು, ಬ್ಯಾಂಕಿನವರು ಎಷ್ಟೋ ಸಲ ಮಾರ್ಚ್ 31ಕ್ಕೇ ಬಡ್ಡಿ ಜಮಾ ಮಾಡಿರುತ್ತಾರೆ. ಪಾಸ್‌ಬುಕ್ ಎಂಟ್ರಿ ಮಾಡಿಸದೆ ನಾವು ಬರಬೇಕಾದ ಬಡ್ಡಿ ಅಂತ ಬರೆದುಬಿಟ್ಟರೆ ಬ್ಯಾಂಕ್ ಖಾತೆಯೇ ಕೂಡೋದಿಲ್ಲ. ಪಾಸ್‌ಬುಕ್ ಕೈಯಲ್ಲಿ ಇಟ್ಟುಕೊಂಡೇ ಮಾಡಬೇಕಾದ ಕೆಲಸ ಇದು.

ಭಟ್ಟಿ ಬಸಣ್ಣ

ಇಷ್ಟೆಲ್ಲ ಕೇಳಿ ಇನ್ನೊಂದು ಕೇಳಬೇಕು ಅನ್ನಿಸ್ತು. ನಮ್ಮಲ್ಲಿ ಕೂಲಿ ತಿಂಗಳ ಲೆಕ್ಕ ಅಲ್ಲ, ವಾರದ ಬಟವಾಡೆ, ಶನಿವಾರ ಸಂಜೆ. ಎಂಟು ಜನ, ತಲಾ 500. ಭಾನುವಾರ ರಜೆ. 2025ರ ಮಾರ್ಚ್ 31 ಸೋಮವಾರ ಬಂದಿತ್ತು, ಅವತ್ತೂ ಭಟ್ಟಿ ಉರಿಸಿದ್ವಿ. ಆ ಒಂದು ದಿನದ ಕೂಲಿ 4,000, ಕೊಟ್ಟಿದ್ದು ಏಪ್ರಿಲ್ 5ರ ಶನಿವಾರ. ಇದನ್ನೂ ಬಾಕಿ ಅಂತ ಬರೀಬೇಕಾ? ಪ್ರತಿ ವರ್ಷ ಹೀಗೇ ಒಂದೆರಡು ದಿನ ಆಚೆ ಈಚೆ ಆಗುತ್ತೆ, ಸಮ ಆಗಿಹೋಗುತ್ತೆ ಬಿಡಿ ಅಂತಾರೆ ನಮ್ಮ ಹುಡುಗ.

ಕೋಟೆ ಊರಿನ ಮೇಡಂ

ಬಸಣ್ಣ, ಸಮ ಆಗಿಹೋಗುತ್ತೆ ಅನ್ನೋದನ್ನು ಕ್ಯಾಲೆಂಡರ್ ಹಿಡಿದು ನೋಡೋಣ. 2024ರ ಮಾರ್ಚ್ 31 ಭಾನುವಾರ. ಹಿಂದಿನ ದಿನವೇ ಬಟವಾಡೆ ಆಗಿದೆ, ಬಾಕಿ ಸೊನ್ನೆ. 2025ರಲ್ಲಿ ಸೋಮವಾರ, ಒಂದು ದಿನ ಬಾಕಿ, 4,000. 2026ರಲ್ಲಿ ಮಂಗಳವಾರ, ಎರಡು ದಿನ, 8,000. 2024-25ರಲ್ಲಿ ಹಿಂದಿನ ವರ್ಷದಿಂದ ಏನೂ ಒಳಗೆ ಬಂದಿಲ್ಲ, ಮುಂದಕ್ಕೆ 4,000 ಹೋಗಿದೆ. ಬರೆಯದೇ ಬಿಟ್ಟರೆ ಆ ವರ್ಷದ ಕೂಲಿ 4,000 ಕಡಿಮೆ. ಮರುವರ್ಷ 4,000 ಒಳಗೆ ಬಂತು, 8,000 ಹೊರಗೆ ಹೋಯ್ತು, ಮತ್ತೆ 4,000 ಕಡಿಮೆ. ಆಚೆ ಈಚೆ ಆಗ್ತಿಲ್ಲ, ಎರಡು ವರ್ಷವೂ ಒಂದೇ ಕಡೆ ವಾಲಿದೆ. ನಾನಾಗಿದ್ದರೆ ಬರೀತಿದ್ದೆ.

ಟ್ಯಾಲಿ ಶಫಿ

ಮೇಡಂ, ಲೆಕ್ಕ ನೀವು ಹೇಳಿದ್ದೇ ಸರಿ. ಆದರೆ ಅವರ ಭಟ್ಟಿಯಲ್ಲಿ ವಾರಕ್ಕೆ ಆರು ದಿನ, ದಿನಕ್ಕೆ 4,000 ಅಂದರೆ ವರ್ಷದ ಕೂಲಿ ಹನ್ನೆರಡು ಲಕ್ಷದ ಮೇಲಾಗುತ್ತೆ. ಅದರಲ್ಲಿ 4,000ಕ್ಕೆ ಒಂದು ಜರ್ನಲ್, ಏಪ್ರಿಲ್‌ನಲ್ಲಿ ಅದನ್ನು ತಿರುಗಿಸೋದು ಇನ್ನೊಂದು. ನಾನು ನೋಡೋ ಅಂಗಡಿಗಳಲ್ಲಿ ಇಷ್ಟು ಸಣ್ಣದನ್ನು ಬಿಡ್ತೀವಿ, ಆಡಿಟರ್‌ಗಳೂ ಕೇಳೋದಿಲ್ಲ. ಮಾರ್ಚ್‌ನ ಬೆಸ್ಕಾಂ ಬಿಲ್ ಏಪ್ರಿಲ್‌ನಲ್ಲಿ ಬರುತ್ತಲ್ಲ, ಅದು ದೊಡ್ಡದಿರುತ್ತೆ, ಅದನ್ನು ಮಾತ್ರ ತಪ್ಪಿಸೋದಿಲ್ಲ.

ಕೋಟೆ ಊರಿನ ಮೇಡಂ

ಎಷ್ಟರವರೆಗೆ ಸಣ್ಣದು ಅಂತ ಯಾರು ಗೆರೆ ಹಾಕೋದು ಶಫಿ? 4,000 ಬಿಟ್ಟರೆ ಮರುವರ್ಷ 8,000ವನ್ನೂ ಬಿಡ್ತೀರಿ. ಕೂಲಿ ಬರೆಯೋ ನೋಟ್‌ಬುಕ್‌ನಲ್ಲಿ ಹಾಜರಿ ಇದ್ದೇ ಇರುತ್ತೆ, ಎಣಿಸೋಕೆ ಐದು ನಿಮಿಷ ಬೇಕಾಗೋದಿಲ್ಲ.

ಟ್ಯಾಲಿ ಶಫಿ

ಒಂದು ಅಂಗಡಿಗೆ ಐದು ನಿಮಿಷ ಮೇಡಂ. ಇಂಥವು ಒಂದೊಂದು ಅಂಗಡಿಯಲ್ಲಿ ಇಪ್ಪತ್ತು ಸಿಗುತ್ತವೆ, ಫೋನ್ ರೀಚಾರ್ಜ್, ಪೇಪರ್ ಬಿಲ್, ಹಮಾಲಿ. ಪ್ರತಿ ವರ್ಷ ಒಂದೇ ರೀತಿ ಬಿಡ್ತಾ ಬಂದರೆ ತೊಂದರೆ ಇಲ್ಲ ಅಂತ ನನ್ನ ಅಭಿಪ್ರಾಯ. ಲಾಭ ಕಡಿಮೆ ಇದ್ದ ವರ್ಷ ಬಿಟ್ಟು, ಜಾಸ್ತಿ ಇದ್ದ ವರ್ಷ ಹುಡುಕಿ ಹುಡುಕಿ ಬರೆದರೆ ಮಾತ್ರ ಅದು ತಪ್ಪು.

ಪಿಜೆ ಬಡಾವಣೆ ಗಿರಿ

ನಾನು ಕೇಳಿರೋ ಪ್ರಕಾರ ಸಣ್ಣ ವ್ಯಾಪಾರಿಗೆ ಇದ್ಯಾವುದೂ ಬೇಕಾಗಿಲ್ಲ. ದುಡ್ಡು ಕೊಟ್ಟಾಗ ಖರ್ಚು, ಬಂದಾಗ ಆದಾಯ, ಅಷ್ಟೇ ಬರೆದರೂ ಇನ್‌ಕಮ್ ಟ್ಯಾಕ್ಸ್‌ನವರು ಒಪ್ತಾರೆ. ಬಸಣ್ಣ ಹಾಗೆ ಮಾಡಬಹುದಲ್ವಾ?

ಟ್ಯಾಲಿ ಶಫಿ

ಅದು ನಿಜ, ಈ ವರ್ಷಗಳಿಗೆ 1961ರ ಕಾಯ್ದೆಯ 145ನೇ ಕಲಂನಲ್ಲಿ ವ್ಯಾಪಾರದ ಆದಾಯಕ್ಕೆ ಎರಡೂ ಪದ್ಧತಿ ಇವೆ. ಕಂಪನಿಗಳಿಗೆ ಆ ಆಯ್ಕೆ ಇಲ್ಲ, ಬಸಣ್ಣನಂಥವರಿಗೆ ಇದೆ. ಆದರೆ ಯಾವುದಾದರೂ ಒಂದನ್ನು ಹಿಡಿದರೆ ಬಿಡದೆ ಅದನ್ನೇ ನಡೆಸಬೇಕು. ಕೊಟ್ಟಾಗಲೇ ಖರ್ಚು ಅಂದರೆ ಅಕ್ಟೋಬರ್‌ನಲ್ಲಿ ಕಟ್ಟಿದ 12,000 ವಿಮೆ ಪೂರ್ತಿ ಆ ವರ್ಷಕ್ಕೇ. ಉದ್ರಿ ಕೊಟ್ಟ ಮಂಡಕ್ಕಿ ದುಡ್ಡು ಬರೋವರೆಗೆ ಮಾರಾಟ ಅಂತಲೂ ಬರೆಯೋ ಹಾಗಿಲ್ಲ. ಖರ್ಚಿಗೆ ಒಂದು ಪದ್ಧತಿ, ಆದಾಯಕ್ಕೆ ಇನ್ನೊಂದು ಅಂತ ಬೆರೆಸಬಾರದು. ಬಸಣ್ಣನಿಗೆ ಉದ್ರಿ ವ್ಯಾಪಾರ ಜಾಸ್ತಿ ಇದ್ದರೆ ಆ ಪದ್ಧತಿಯಲ್ಲಿ ವ್ಯಾಪಾರ ಹೇಗೆ ನಡೀತಿದೆ ಅಂತ ಅವರಿಗೇ ತಿಳಿಯೋದಿಲ್ಲ.

ಭಟ್ಟಿ ಬಸಣ್ಣ

ಉದ್ರಿನೇ ಜಾಸ್ತಿ. ಹಾಗಾದರೆ ನಮ್ಮದು ಈಗ ಇರೋ ಹಾಗೇ ನಡೀಲಿ. ಅಡ್ವಾನ್ಸ್ ವಿಚಾರ ನಾಳೆ ಆಡಿಟರ್ ಹತ್ತಿರ ಕೇಳ್ತೀನಿ. 4,000ದ್ದು ನೀವಿಬ್ಬರೂ ಮೊದಲು ಒಂದು ತೀರ್ಮಾನಕ್ಕೆ ಬನ್ನಿ.

ಹರಿಹರದ ಕಾವ್ಯ

ನಮ್ಮ ಸರ್ ಹತ್ತಿರ ನಾಳೆ ಇದನ್ನೂ ಕೇಳ್ತೀನಿ ಮೇಡಂ. ಆಮೇಲೆ ಮುಂದಿನ ಪ್ರಾಬ್ಲಂನಲ್ಲಿ ಗಿರಾಕಿಯಿಂದ ಮೊದಲೇ ಬಂದ 9,000 ಅಡ್ವಾನ್ಸ್ ಮಾರಾಟದಲ್ಲಿ ಸೇರಿಹೋಗಿದೆ ಅಂತ ಇದೆ, ಮಾಲು ಏಪ್ರಿಲ್‌ನಲ್ಲಿ ಹೋಗುತ್ತಂತೆ. ಮಾರಾಟದಲ್ಲಿ 9,000 ಕಳೆದು ಜವಾಬ್ದಾರಿ ಕಡೆ ಬರೆದಿದ್ದೀನಿ. ನಿವ್ವಳ ಲಾಭ 1,04,000 ಬಂದಿದೆ. ತಾಳೆ ಆಗಿದೆ, ಆದರೂ ಟ್ರಯಲ್ ಬ್ಯಾಲೆನ್ಸ್‌ನಲ್ಲಿರೋ ತಾರೀಖುಗಳನ್ನೆಲ್ಲ ಇನ್ನೊಂದು ಸಲ ನೋಡಿ ಸಂಜೆ ಇಲ್ಲೇ ಹಾಕ್ತೀನಿ.